ಏಳೆಂಟ್ಲ ಎಷ್ಟು ಅಂದರೆ ಮಗಳು ಏಳರಿಂದ ಶುರು ಮಾಡ್ತಾಳೆ. ಸ್ಕಿಪ್ ಕೌಂಟಿಂಗ್ ಬಿಡಿಸಲಾ?

ನಾಲ್ಕನೇಕ್ಲಾಸ್_ಅಮ್ಮ

ಮಗಳಿಗೆ ಶಾಲೆಯಲ್ಲಿ 7 ಮತ್ತು 12ರ ಮಗ್ಗಿ ನಡೆಯುತ್ತಿದೆ. ಬಾಯಿಪಾಠ ಬೇಡ, ಜಿಗಿದು ಜಿಗಿದು ಎಣಿಸಲಿ, ಮಾದರಿ ಅವರಿಗೇ ಕಾಣುತ್ತದೆ ಅಂತ ಟೀಚರ್ ಹೇಳಿದ್ದಾರೆ. ಸರಿ, ಎಣಿಸುತ್ತಾಳೆ. 7, 14, 21 ಅಂತ ಹಾಡಿದ ಹಾಗೆ ಹೇಳುತ್ತಾಳೆ. ಆದರೆ ಏಳೆಂಟ್ಲ ಎಷ್ಟು ಅಂತ ಕೇಳಿದರೆ ಬೆರಳು ಬಿಚ್ಚಿಕೊಂಡು ಮತ್ತೆ ಏಳರಿಂದ ಹೊರಡುತ್ತಾಳೆ. ನಿನ್ನೆ ಹೇಳಿದ್ದು ಹೀಗೆ: 7, 14, 21, 28, 35, 42, 48, 55. ಉತ್ತರ 55 ಅಂತೆ!

ನಮ್ಮತ್ತೆ ಪಕ್ಕದಲ್ಲೇ ಕೂತಿದ್ದರು. "ಒಂದು ವಾರ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಹತ್ತಿರ ಕೂರಿಸು, ಏಳೊಂದ್ಲ ಏಳು ಅಂತ ಹೇಳಿಸುತ್ತೇನೆ" ಅಂದರು. 12ರ ಕಥೆ ಇನ್ನೂ ಕಷ್ಟ. 48 ಆದ ಮೇಲೆ 50 ಚಿಲ್ಲರೆ ಏನೋ ಬರಬೇಕು ಅಂತ ಹಟ ಹಿಡಿಯುತ್ತಾಳೆ. ಸ್ಕಿಪ್ ಕೌಂಟಿಂಗ್ ಬಿಡಿಸಿ ಉರು ಹೊಡೆಸಲಾ?

ಅರ್ಧಡಜನ್

ಉರು ಹೊಡೆಸಿ. ನಾವೆಲ್ಲ ಹಾಗೇ ಕಲಿತದ್ದು, ಏನಾಗಿದೆ ನಮಗೆ?

ಬೈಟುಕಾಫಿ

ಏನಾಗಿದೆ ಅಂತ ನಮ್ಮ ಹೆಂಡತಿಯನ್ನು ಕೇಳಬೇಕು. ನನಗೆ ಈಗಲೂ ಏಳೆಂಟ್ಲ ಬರಲ್ಲ. ಏಳೇಳ್ಲ ನಲವತ್ತೊಂಬತ್ತು ಅಂತ ಮನಸ್ಸಲ್ಲೇ ಹೇಳಿಕೊಂಡು ಒಂದು ಏಳು ಸೇರಿಸುತ್ತೇನೆ.

ನಿವೃತ್ತಮೇಷ್ಟ್ರು

ಅಮ್ಮಾ, ಮೊದಲು ಮಗು ಎಲ್ಲಿ ಜಾರಿದೆ ನೋಡೋಣ. 42ರ ತನಕ ಸರಿ ಇದೆ. ಅಲ್ಲಿಂದ 48ಕ್ಕೆ ಹೋಗಿದ್ದಾಳೆ. 49 ಆಗಬೇಕಿತ್ತು. ಆಮೇಲೆ 48ಕ್ಕೆ ಏಳು ಸೇರಿಸಿದ್ದು ಸರಿಯಾಗಿಯೇ ಇದೆ, 55. ಅಂದರೆ ಒಂದೇ ತಪ್ಪು, ಅದು ಕೊನೆಯವರೆಗೂ ಹರಿದಿದೆ. ಜಿಗಿದು ಎಣಿಸುವುದರ ದೊಡ್ಡ ತೊಂದರೆ ಇದೇ. ಒಂದು ಕಡೆ ಕಾಲು ತಪ್ಪಿದರೆ ಮುಂದಿನದೆಲ್ಲ ಓರೆ.

ಆದರೆ ಅದೇ ಎಣಿಕೆಯೊಳಗೆ ತಪ್ಪನ್ನು ಹಿಡಿಯುವ ದಾರಿಯೂ ಇದೆ. ಏಳು ಅಂದರೆ ಹತ್ತಕ್ಕೆ ಮೂರು ಕಡಿಮೆ. ಹಾಗಾಗಿ ಪ್ರತಿ ಜಿಗಿತಕ್ಕೂ ಬಿಡಿ ಸ್ಥಾನ ಮೂರು ಇಳಿಯುತ್ತದೆ: 7, 4, 1. ಒಂದರಿಂದ ಮೂರು ಇಳಿಯಲು ಆಗಲ್ಲ, ಹನ್ನೊಂದು ಅಂದುಕೊಂಡು ಇಳಿದರೆ 8. ಆಮೇಲೆ 5, 2. ಮತ್ತೆ ಹನ್ನೆರಡರಿಂದ ಇಳಿದರೆ 9. ಆಮೇಲೆ 6, 3, 0. ಎಪ್ಪತ್ತರ ತನಕ ಹತ್ತು ಅಂಕೆಗಳೂ ಬಂದವು, ಒಂದೂ ಎರಡು ಸಲ ಬರಲಿಲ್ಲ. ನಿಮ್ಮ ಮಗಳು 48 ಅಂದಾಗ "28ರಲ್ಲೇ ಎಂಟು ಬಂದು ಹೋಯ್ತಲ್ಲ ಪುಟ್ಟಿ" ಅಂತ ಕೇಳಬಹುದಿತ್ತು. 55 ಅಂದಾಗಲೂ ಅಷ್ಟೇ, ಐದನ್ನು 35 ಆಗಲೇ ತೆಗೆದುಕೊಂಡಿದೆ.

ಸುಮ್ನೆಕೇಳ್ದೆ

ಯಾವ ಅಬಾಕಸ್ ಕ್ಲಾಸ್ ಒಳ್ಳೆಯದು ಅಂತ ನಾನೂ ಹುಡುಕುತ್ತಿದ್ದೇನೆ. ಫೀಸ್ ಎಷ್ಟು ಅಂತ ಯಾರಾದರೂ ಹೇಳಿ.

ಬೈಟುಕಾಫಿ

ಅಬಾಕಸ್ ಅಂತ ಯಾರು ಹೇಳಿದರು ಇಲ್ಲಿ?

ಲೆಕ್ಕದ_ಹುಚ್ಚ

ಮೇಷ್ಟ್ರು ಹೇಳಿದ್ದು ಸರಿ. ಎಲ್ಲಾ ಮಗ್ಗಿಗೂ ಹೀಗೇ, ಬಿಡಿ ಸ್ಥಾನದಲ್ಲಿ ಹತ್ತೂ ಅಂಕೆ ಒಂದೊಂದು ಸಲ ಬರುತ್ತವೆ. 12ಕ್ಕೆ ಇನ್ನೂ ಸುಲಭದ ದಾರಿ ಇದೆ. ಅಂಕೆ ಬರೆಯಿರಿ, ಪಕ್ಕದಲ್ಲಿ ಅದರ ಎರಡರಷ್ಟು ಬರೆಯಿರಿ. 12×3 ಅಂದರೆ 3, 6. ಮೂವತ್ತಾರು. 12×4 ಅಂದರೆ 4, 8. ಮುಗಿಯಿತು. ಮಕ್ಕಳಿಗೆ ಎರಡು ನಿಮಿಷ ಸಾಕು.

ಕಾಪಿಪುಸ್ತಕ

ಹುಚ್ಚಣ್ಣ, ಈ ಎರಡು ನಿಮಿಷದ ದಾರಿ ನಮ್ಮ ಹುಡುಗನಿಗೂ ಯಾರೋ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ 12×7 = 714 ಅಂತ ಬರೆದು ಬಂದ. ಏಳು, ಪಕ್ಕದಲ್ಲಿ ಹದಿನಾಲ್ಕು! ಅವನ ಪ್ರಕಾರ ಅವನದೇನೂ ತಪ್ಪಿಲ್ಲ.

ಲೆಕ್ಕದ_ಹುಚ್ಚ

ಹದಿನಾಲ್ಕರ ಒಂದನ್ನು ಏಳಕ್ಕೆ ಸೇರಿಸಬೇಕು, 84 ಆಗುತ್ತದೆ. ಅದನ್ನು ಹೇಳಬೇಕಾ, ಗೊತ್ತಾಗಲ್ವಾ?

ಕಾಪಿಪುಸ್ತಕ

ಎಂಟು ವರ್ಷದವನಿಗೆ ಗೊತ್ತಾಗಲ್ಲ ಸ್ವಾಮಿ.

ನಿವೃತ್ತಮೇಷ್ಟ್ರು

"ಎಲ್ಲಾ ಮಗ್ಗಿಗೂ" ಅನ್ನುವುದೂ ಸರಿಯಲ್ಲ. 12ರ ಬಿಡಿ ಸ್ಥಾನ ನೋಡಿ: 2, 4, 6, 8, 0, ಮತ್ತೆ 2, 4, 6, 8, 0. ಐದೇ ಅಂಕೆ, ಎರಡು ಸುತ್ತು. ಐದರ ಮಗ್ಗಿಯಲ್ಲಿ ಬರೋದು ಎರಡೇ ಅಂಕೆ. ಹತ್ತೂ ಅಂಕೆ ಬರುವುದು 1, 3, 7, 9ರಲ್ಲಿ ಕೊನೆಯಾಗುವ ಸಂಖ್ಯೆಗಳ ಮಗ್ಗಿಯಲ್ಲಿ ಮಾತ್ರ.

ನಾಲ್ಕನೇಕ್ಲಾಸ್ ಅಮ್ಮನವರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. 48 ಆದ ಮೇಲೆ 50 ಚಿಲ್ಲರೆ ಬರಬೇಕು ಅಂತ ಮಗು ಹಟ ಹಿಡಿಯಿತಂತೆ. ಅದು ಮೊದ್ದುತನ ಅಲ್ಲ. 12, 24, 36, 48 ಅಂತ ಪ್ರತಿ ಹತ್ತರ ಮನೆಯಲ್ಲೂ ಒಬ್ಬೊಬ್ಬರನ್ನು ಕಂಡು, ಐವತ್ತರ ಮನೆಯಲ್ಲೂ ಯಾರಾದರೂ ಇರಲೇಬೇಕು ಅಂದುಕೊಂಡಿದೆ. ಮಾದರಿ ಹುಡುಕುವ ಮಗು ಅದು.

ನಾನು ತರಗತಿಯಲ್ಲಿ ಇದನ್ನೇ ಬೀದಿಯ ಆಟ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಮನೆಗಳ ಸಾಲು: ಹತ್ತರ ಮನೆ, ಇಪ್ಪತ್ತರ ಮನೆ, ಹೀಗೆ. 12ರ ಜಿಗಿತ ಹತ್ತಕ್ಕಿಂತ ಎರಡು ಜಾಸ್ತಿ. ಹಾಗಾಗಿ ಪ್ರತಿ ಮನೆಯಲ್ಲೂ ಎರಡೆರಡು ಹೆಜ್ಜೆ ಒಳಗೆ ಸರಿಯುತ್ತಾ ಹೋಗುತ್ತೇವೆ. ನಲವತ್ತರ ಮನೆಗೆ ಬರುವ ಹೊತ್ತಿಗೆ 48, ಹೆಚ್ಚುಕಡಿಮೆ ಹಿತ್ತಲ ಬಾಗಿಲು. ಅಲ್ಲಿಂದ ಜಿಗಿದರೆ ಐವತ್ತರ ಮನೆ ದಾಟಿ 60ರ ಹೊಸ್ತಿಲಿಗೆ ಬೀಳುತ್ತೇವೆ. ಐವತ್ತರ ಮನೆ ಖಾಲಿ. 60, 72, 84, 96, 108, ಮತ್ತೆ ನೂರ ಹತ್ತರ ಮನೆ ಖಾಲಿ, 120.

ಏಳಕ್ಕೆ ಇದು ತಿರುಗುಮುರುಗು. ಜಿಗಿತ ಹತ್ತಕ್ಕಿಂತ ಚಿಕ್ಕದು, ಹಾಗಾಗಿ ಮನೆ ಖಾಲಿ ಉಳಿಯಲ್ಲ, ಬದಲಿಗೆ ಒಂದೊಂದು ಮನೆಯಲ್ಲಿ ಇಬ್ಬರು ಸೇರಿಕೊಳ್ಳುತ್ತಾರೆ. ಇಪ್ಪತ್ತರ ಮನೆಯಲ್ಲಿ 21 ಮತ್ತು 28. ನಲವತ್ತರ ಮನೆಯಲ್ಲಿ 42 ಮತ್ತು 49. ನಿಮ್ಮ ಮಗಳು ಎಡವಿದ್ದು ನಲವತ್ತರ ಮನೆಯಲ್ಲಿ ಅನ್ನುವುದು ಗಮನಿಸಿ. ಎಡವುವ ಮಕ್ಕಳು ಜಾಸ್ತಿ ಅಲ್ಲೇ ಎಡವುತ್ತಾರೆ.

ನಾಲ್ಕನೇಕ್ಲಾಸ್_ಅಮ್ಮ

ಸರ್, ಖಾಲಿ ಮನೆ ವಿಷಯ ಓದಿ ಹೇಳಿದೆ. "ಐವತ್ತರವರು ಊರಿಗೆ ಹೋಗಿದ್ದಾರಾ?" ಅಂತ ಕೇಳಿದಳು 😄

ಬಳೆಯಂಗಡಿ_ಅಕ್ಕ

ನನಗೆ ಮಾದರಿಗೀದರಿ ಗೊತ್ತಿಲ್ಲ. ಗಾಜಿನ ಬಳೆ ಡಜನ್ ಲೆಕ್ಕ. ಐದು ಡಜನ್ ಅಂದರೆ 60, ಅದು ಕೈಯಲ್ಲೇ ಇದೆ. ಅದರ ಮೇಲೆ ಕೇಳಿದರೆ 60 ಒಂದು ಕಡೆ ಇಟ್ಟು ಮತ್ತೆ ಮೊದಲಿಂದ. ಎಂಟು ಡಜನ್ ಅಂದರೆ ಐದು ಮತ್ತು ಮೂರು: 60, 36, ಒಟ್ಟು 96. ಹಳೆಯ ಹೋಲ್‌ಸೇಲ್‌ನವರು ಗ್ರೋಸ್ ಅಂತಲೂ ಹೇಳುತ್ತಾರೆ, ಹನ್ನೆರಡು ಡಜನ್, 144. ಅದು ಎರಡು ಅರವತ್ತು ಮತ್ತು ಎರಡು ಡಜನ್. ನಾನು ಓದಿದ್ದು ಏಳನೇ ಕ್ಲಾಸು.

ನಿವೃತ್ತಮೇಷ್ಟ್ರು

ಅಕ್ಕ, ನೀವು ಹೇಳಿದ್ದನ್ನೇ ಹೇಳಲು ನಾನು ಎರಡು ಪ್ಯಾರಾ ಬರೆಯಬೇಕೆಂದಿದ್ದೆ.

ಟೂವನ್‌ಜಾಟೂ

ಬಳೆ ಕೂಡ ಈಗ ಬಾಕ್ಸ್ ಲೆಕ್ಕ ಅಲ್ವಾ?

ಬಳೆಯಂಗಡಿ_ಅಕ್ಕ

ಬಾಕ್ಸ್ ಒಳಗೆ ಎಷ್ಟಿರುತ್ತೆ ಅಂತ ಎಣಿಸಿ ನೋಡಿ ತಮ್ಮ.

ಅರ್ಧಡಜನ್

ನಾನು ಮತ್ತೆ ಹೇಳುತ್ತೇನೆ, ಇಷ್ಟೆಲ್ಲ ಸರ್ಕಸ್ ಯಾಕೆ? ಕನ್ನಡ ಮಗ್ಗಿಯಲ್ಲಿ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳುತ್ತಿಲ್ಲ. "ಏಳೆಂಟ್ಲ ಐವತ್ತಾರು" ಅಂದಾಗ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ನಾಲಿಗೆಗೆ ಅಂಟುತ್ತವೆ. ನಿಮ್ಮ 7, 14, 21ರಲ್ಲಿ ಬರೀ ಉತ್ತರಗಳ ಸಾಲು. 56 ಎಷ್ಟನೆಯದು ಅಂತ ಅದರಲ್ಲಿ ಎಲ್ಲಿದೆ? ಅದಕ್ಕೇ ಮಗು ಬೆರಳು ಬಿಚ್ಚುತ್ತಿರುವುದು. ಎಣಿಸುವುದು ಬಾಯಿ, ಎಷ್ಟನೆಯದು ಅಂತ ಲೆಕ್ಕ ಇಡುವುದು ಬೆರಳು.

ನಿವೃತ್ತಮೇಷ್ಟ್ರು

ಈ ಮಾತು ಒಪ್ಪಬೇಕಾದ್ದೇ. ಇಲ್ಲಿ ನಾನು ನಿಮ್ಮ ಕಡೆ.

ಚುಕ್ಕಿರಂಗೋಲಿ

ನನ್ನದು ಬೇರೆಯೇ ಅನುಭವ. ಮಗನಿಗೆ ಅಂಕೆ ಅಂದರೆ ಆಗಲ್ಲ, ಚಿತ್ರ ಅಂದರೆ ಆಗುತ್ತದೆ. ಅಂಗಳದಲ್ಲಿ ದೊಡ್ಡ ವೃತ್ತ ಬರೆದು ಗಡಿಯಾರದ ಹಾಗೆ 0ಯಿಂದ 9ರ ತನಕ ಹತ್ತು ಚುಕ್ಕಿ ಇಟ್ಟೆ. ಏಳರ ಮಗ್ಗಿಯ ಬಿಡಿ ಅಂಕೆಗಳನ್ನು ಗೆರೆಯಿಂದ ಸೇರಿಸು ಅಂದೆ: 0ಯಿಂದ 7, 7ರಿಂದ 4, 4ರಿಂದ 1. ಹತ್ತು ಮೊನೆಯ ನಕ್ಷತ್ರ ಬಂತು. ಆಮೇಲೆ 12ರದ್ದು ಹಾಕಿದ. ಸಾದಾ ಐದು ಮೂಲೆ, ನಕ್ಷತ್ರವೇ ಇಲ್ಲ. ಎರಡರ ಮಗ್ಗಿ ಹಾಕಿದರೂ ಅದೇ ಐದು ಮೂಲೆ. ಮೂರರ ಮಗ್ಗಿ ಹಾಕಿದರೆ ಏಳರ ನಕ್ಷತ್ರವೇ, ಆದರೆ ಕೈ ಆಚೆಯಿಂದ ಈಚೆಗೆ ಬರುತ್ತದೆ. ಅವನಿಗೆ ತುಂಬಾ ಖುಷಿ ಆಯ್ತು.

ಕಾಪಿಪುಸ್ತಕ

ಖುಷಿ ಆಯ್ತು ಸರಿ, ಏಳೆಂಟ್ಲ ಹೇಳಿದನಾ?

ಚುಕ್ಕಿರಂಗೋಲಿ

ಇಲ್ಲ 🙈 ಕೊನೆಯ ಅಂಕೆ ಆರು ಅಂತ ಹೇಳುತ್ತಾನೆ. 46ಆ 56ಆ ಅಂತ ಕೇಳಿದರೆ ಮುಖ ನೋಡುತ್ತಾನೆ.

ಲೆಕ್ಕದ_ಹುಚ್ಚ

ಅದಕ್ಕೆ ಚೌಕ ಇದೆ. ಈ ಸಲ ಬೈಯಬೇಡಿ, ಪೂರ್ತಿ ಬರೆಯುತ್ತೇನೆ. ಮೂರು ಅಡ್ಡ, ಮೂರು ಉದ್ದದ ಒಂಬತ್ತು ಮನೆ ಹಾಕಿ. ಬಲತುದಿಯ ಕಂಬದಲ್ಲಿ ಮೇಲಿಂದ ಕೆಳಗೆ 1, 2, 3 ಬರೆಯಿರಿ. ನಡುವಿನದರಲ್ಲಿ 4, 5, 6. ಎಡದಲ್ಲಿ 7, 8, 9. ಇವು ಬಿಡಿ ಅಂಕೆಗಳು. ಈಗ ಅಡ್ಡಸಾಲಿಗೆ ಬನ್ನಿ. ಹತ್ತರ ಅಂಕೆಗಳನ್ನು ಎಡದಿಂದ ಬಲಕ್ಕೆ ಹಾಕುತ್ತಾ ಹೋಗಿ: ಮೊದಲ ಸಾಲಿಗೆ 0, 1, 2. ಎರಡನೆಯದಕ್ಕೆ 2, 3, 4. ಮೂರನೆಯದಕ್ಕೆ 4, 5, 6. ಸಾಲು ಮುಗಿದ ಅಂಕೆಯಿಂದಲೇ ಮುಂದಿನ ಸಾಲು ಶುರು.

```
07  14  21
28  35  42
49  56  63
```

ಮೇಷ್ಟ್ರು ಹೇಳಿದ ಇಬ್ಬರಿರುವ ಮನೆಗಳು ಇಲ್ಲೂ ಕಾಣುತ್ತವೆ. ಸಾಲಿನ ಕೊನೆಯ 21, ಮುಂದಿನ ಸಾಲಿನ ಮೊದಲ 28. ಹಾಗೇ 42, 49.

ಚುಕ್ಕಿರಂಗೋಲಿ

ಅಯ್ಯೋ ಇದು ಚೆನ್ನಾಗಿದೆ! ಎಂಟನೆಯದು ಕೆಳಸಾಲಿನ ನಡುಮನೆ. ಎಷ್ಟನೆಯದು ಅಂತ ಎಣಿಸುವುದೂ ಬೇಡ.

ನಿವೃತ್ತಮೇಷ್ಟ್ರು

ಹುಚ್ಚಪ್ಪ, ಇದಕ್ಕೆ ಪೂರ್ತಿ ಅಂಕ. ಆದರೆ ಒಂದು ಮಾತು. ಪರೀಕ್ಷೆಯ ಹಾಳೆಯ ಮೂಲೆಯಲ್ಲಿ ಈ ಚೌಕ ಬರೆದುಕೊಂಡು ಲೆಕ್ಕ ಮಾಡುವ ಆರನೇ ತರಗತಿಯ ಮಕ್ಕಳನ್ನು ನಾನು ನೋಡಿದ್ದೇನೆ. ಭಾಗಾಕಾರ ಶುರುವಾದಾಗ ಅವರು ಒದ್ದಾಡುತ್ತಾರೆ. 59ರಲ್ಲಿ ಏಳು ಎಷ್ಟು ಸಲ ಅಂತ ಕೇಳಿದರೆ ಚೌಕದಲ್ಲಿ 59 ಇಲ್ಲವಲ್ಲ.

ಥೇಮ್ಸ್‌ದಂಡೆ

ನಾವು ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿ ನಾಲ್ಕನೇ ವರ್ಷದ ಮಕ್ಕಳಿಗೆ ಜೂನ್‌ನಲ್ಲಿ ಮಗ್ಗಿಯ ಪರೀಕ್ಷೆ ಇದೆ, ಕಂಪ್ಯೂಟರಿನಲ್ಲಿ. 2022ರಿಂದ ಸರ್ಕಾರಿ ಶಾಲೆಗಳಿಗೆಲ್ಲ ಕಡ್ಡಾಯ ಮಾಡಿದ್ದಾರೆ. 12×12ರ ತನಕ 25 ಪ್ರಶ್ನೆ, ಒಂದೊಂದಕ್ಕೂ 6 ಸೆಕೆಂಡು. ಪಾಸು ಫೇಲು ಅಂತ ಇಲ್ಲ. ನನ್ನ ಮಗ ಸ್ಕಿಪ್ ಕೌಂಟಿಂಗ್‌ನಲ್ಲಿ ಬೆಳೆದವನು. ಏಳರಿಂದ ಹೊರಟು ಎಂಟನೆಯದಕ್ಕೆ ಬರುವಷ್ಟರಲ್ಲಿ ಆರು ಸೆಕೆಂಡು ಮುಗಿದು ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಅಳುತ್ತಿದ್ದ ಪಾಪ.

ಬೈಟುಕಾಫಿ

ಆರು ಸೆಕೆಂಡಾ! ನಾನು ಅಷ್ಟರಲ್ಲಿ ಏಳೇಳ್ಲವನ್ನೇ ನೆನಪಿಸಿಕೊಳ್ಳುತ್ತಿರುತ್ತೇನೆ.

ಟೂವನ್‌ಜಾಟೂ

12ರ ತನಕ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. 10ಕ್ಕೆ ನಿಲ್ಲಿಸಿದರೆ ಗುಣಾಕಾರ ನಿಲ್ಲುತ್ತದಾ?

ನಿವೃತ್ತಮೇಷ್ಟ್ರು

ನಿಲ್ಲಲ್ಲ. ನಮ್ಮ ಅಪ್ಪನ ಕಾಲದಲ್ಲಿ ಬೇಕಾಗಿತ್ತು. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. 1957ರಲ್ಲಿ ನಯಾಪೈಸೆ ಬಂದ ಮೇಲೆ ಆ ಲೆಕ್ಕ ಹೋಯಿತು. ಈಗ ಉಳಿದಿರುವುದು ಅಡಿಗೆ 12 ಇಂಚು, ವರ್ಷಕ್ಕೆ 12 ತಿಂಗಳು, ಅಕ್ಕನ ಬಳೆ.

ಅರ್ಧಡಜನ್

ಕಾರಿನ ಸಾಲ ಏಳು ವರ್ಷ ಅಂದರೆ 84 ಕಂತು. ಅದು ನನಗೆ ಬಾಯಿಪಾಠ ಆಗಿದೆ, ಬ್ಯಾಂಕಿನವರ ದಯೆ.

ಟೂವನ್‌ಜಾಟೂ

ನನ್ನ ಹೆಸರು ನೋಡಿದಿರಾ? "ಟೂ ಒನ್ ಜಾ ಟೂ" ಅಂತ ಹತ್ತು ವರ್ಷ ಕೂಗಿದೆ. ಆ ಜಾ ಅಂದರೆ ಏನು ಅಂತ ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು. "ಒನ್ಸ್ ಆರ್" ಅನ್ನುವುದು ಬಾಯಲ್ಲಿ ಕರಗಿ ಜಾ ಆಗಿದೆ.

ಕಾಪಿಪುಸ್ತಕ

ನನಗೆ ಈಗ ಗೊತ್ತಾಯಿತು. ಇಷ್ಟು ವರ್ಷ ಅದು ಹಿಂದಿ ಅಂದುಕೊಂಡಿದ್ದೆ 😂

ನಾಲ್ಕನೇಕ್ಲಾಸ್_ಅಮ್ಮ

ಎಲ್ಲರೂ ಸ್ವಲ್ಪ ಇಲ್ಲಿ ನೋಡಿ. ಚೌಕ ಬರೆದುಕೊಂಡರೆ ಅದಕ್ಕೇ ಅಂಟಿಕೊಳ್ಳುತ್ತಾಳೆ ಅಂತ ಮೇಷ್ಟ್ರು ಹೇಳುತ್ತಾರೆ. ಎಣಿಸುತ್ತಾ ಕೂತರೆ ಹೊತ್ತಾಗುತ್ತದೆ ಅಂತ ಇಂಗ್ಲೆಂಡಿನವರು. ಹಾಗಾದರೆ ನಾನು ಇವತ್ತು ಸಂಜೆ ಏನು ಮಾಡಲಿ?

ನಿವೃತ್ತಮೇಷ್ಟ್ರು

ಏಳರಿಂದ ಹೊರಡುವ ಅಭ್ಯಾಸ ಬಿಡಿಸಿ, ಎಣಿಕೆ ಬಿಡಿಸಬೇಡಿ. ಬಳೆಯಂಗಡಿ ಅಕ್ಕ 60 ಹಿಡಿದ ಹಾಗೆ, ಏಳಕ್ಕೆ 35 ಮತ್ತು 70 ಹಿಡಿಯಲಿ. ಏಳೈದ್ಲ, ಏಳ್ಹತ್ಲ. ಈ ಎರಡನ್ನು ಮಾತ್ರ ನಿಮ್ಮತ್ತೆಯವರ ರೀತಿಯಲ್ಲಿ ಬಾಯಿಪಾಠ ಮಾಡಿಸಿ. ನಿದ್ದೆಯಲ್ಲಿ ಕೇಳಿದರೂ ಬರಬೇಕು.

ಈಗ ಏಳೆಂಟ್ಲ ಕೇಳಿ. ಎಂಟು ಹತ್ತಕ್ಕೆ ಹತ್ತಿರ. 70ರಿಂದ ಹಿಂದಕ್ಕೆ ಎರಡು ಹೆಜ್ಜೆ: 63, 56. ಹಿಂದಕ್ಕೆ ಬರುವುದು ಮಕ್ಕಳಿಗೆ ಕಷ್ಟ, ಆದರೆ ಬಿಡಿ ಸ್ಥಾನದ ಮಾದರಿ ಇಲ್ಲಿ ಕೈಹಿಡಿಯುತ್ತದೆ. ಮುಂದಕ್ಕೆ ಹೋಗುವಾಗ ಮೂರು ಇಳಿಯುತ್ತಿತ್ತಲ್ಲ, ಹಿಂದಕ್ಕೆ ಬರುವಾಗ ಮೂರು ಏರುತ್ತದೆ: 0, 3, 6. ಏಳಾರ್ಲ ಕೇಳಿದರೆ 35ರಿಂದ ಮುಂದೆ ಒಂದು ಹೆಜ್ಜೆ, 42. ಏಳ್ನಾಲ್ಕ್ಲ ಕೇಳಿದರೆ 35ರಿಂದ ಹಿಂದೆ ಒಂದು, 28. ಏಳೇಳ್ಲಕ್ಕೆ ಎರಡು ಹೆಜ್ಜೆ. ಏಳ್ಮೂರ್ಲದಿಂದ ಮುಂದೆ ಯಾವುದನ್ನು ಕೇಳಿದರೂ ಎರಡು ಹೆಜ್ಜೆಗಿಂತ ದೂರ ಇಲ್ಲ. ಎರಡು ಹೆಜ್ಜೆಯಲ್ಲಿ ತಪ್ಪಾಗುವುದೂ ಕಡಿಮೆ, ತಪ್ಪಾದರೂ ಮುಂದಕ್ಕೆ ಹರಿಯಲು ಜಾಗ ಇಲ್ಲ.

12ಕ್ಕೂ ಇದೇ, 60 ಮತ್ತು 120. ಹನ್ನೆರಡೇಳ್ಲ ಅಂದರೆ 60ರಿಂದ 72, 84.

ಕೇಳುವಾಗ ವರಸೆಯಲ್ಲಿ ಕೇಳಬೇಡಿ. ಎಂಟು, ಮೂರು, ಒಂಬತ್ತು, ಆರು ಅಂತ ಚೆಲ್ಲಾಪಿಲ್ಲಿ ಕೇಳಿ. ಇನ್ನೂ ಏಳರಿಂದ ಹೊರಟಿದ್ದಾಳಾ ಅಂತ ತುಟಿ ನೋಡಿದರೆ ಗೊತ್ತಾಗುತ್ತದೆ. ಏಳ್ಮೂರ್ಲಕ್ಕಿಂತ ಏಳೊಂಬತ್ಲಕ್ಕೆ ಬಹಳ ಹೊತ್ತು ತೆಗೆದುಕೊಂಡರೆ ಮೊದಲಿಂದ ಎಣಿಸುತ್ತಿದ್ದಾಳೆ ಅಂತಲೇ ಅರ್ಥ. ಹತ್ತರಿಂದ ಹಿಂದೆ ಬಂದಿದ್ದರೆ ಒಂಬತ್ತು ಬೇಗ ಬರಬೇಕಿತ್ತು.

ಅರ್ಧಡಜನ್

ಕೊನೆಗೆ ಬಾಯಿಪಾಠಕ್ಕೇ ಬಂದಿರಲ್ಲ ಮೇಷ್ಟ್ರೇ.

ನಿವೃತ್ತಮೇಷ್ಟ್ರು

ಎರಡು ಸಾಲು ಬಾಯಿಪಾಠ. ಹತ್ತು ಸಾಲಲ್ಲ.

ಅರ್ಧಡಜನ್

ಉಳಿದ ಎಂಟು ಸಾಲು ಹೆಜ್ಜೆ ಹಾಕಿ ಹಾಕಿ ಕೊನೆಗೆ ಬಾಯಿಪಾಠವೇ ಆಗುತ್ತವೆ. ಹಾಗಾದರೆ ಮೊದಲೇ ಮಾಡಿಸಿದರೆ ಏನು ನಷ್ಟ?

ನಿವೃತ್ತಮೇಷ್ಟ್ರು

ಮರೆತಾಗ ನಷ್ಟ. ಬರೀ ಉರು ಹೊಡೆದವನಿಗೆ ಏಳೆಂಟ್ಲ ಮರೆತರೆ 54 ಅಂತಲೋ 58 ಅಂತಲೋ ಬಾಯಿಗೆ ಬಂದದ್ದು ಹೇಳುತ್ತಾನೆ. ಅದು ತಪ್ಪು ಅಂತ ಅವನಿಗೆ ಸಂಶಯ ಕೂಡ ಬರಲ್ಲ. ದಾರಿ ಗೊತ್ತಿದ್ದವನು 54 ಅಂದರೂ, ನಾಲ್ಕು 14ರದ್ದಲ್ವಾ ಅಂತ ಒಂದು ಕ್ಷಣ ನಿಲ್ಲುತ್ತಾನೆ.

ಅರ್ಧಡಜನ್

ನಾನು ಒಪ್ಪಲ್ಲ. ಸರಿಯಾಗಿ ಉರು ಹೊಡೆದವನು ಮರೆಯಲ್ಲ.

ಬೈಟುಕಾಫಿ

ನಾನಿದ್ದೇನಲ್ಲ ಸಾಕ್ಷಿಗೆ.

ಥೇಮ್ಸ್‌ದಂಡೆ

ನಮ್ಮನೆಯಲ್ಲಿ ಕೊನೆಗೆ ಕೆಲಸ ಮಾಡಿದ್ದೂ ಹಿಂದಕ್ಕೆ ಎಣಿಸುವುದೇ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮಗ ಶುರುವಿನಲ್ಲಿ 70ನ್ನೇ ಮೊದಲ ಹೆಜ್ಜೆ ಅಂತ ಎಣಿಸುತ್ತಿದ್ದ. 70 ಒಂದು, 63 ಎರಡು ಅಂತ ನಿಲ್ಲಿಸಿ ಏಳೆಂಟ್ಲ 63 ಅನ್ನುತ್ತಿದ್ದ. ಮೆಟ್ಟಿಲ ಮೇಲೆ ನಿಲ್ಲಿಸಿ ಇಳಿಸಿದ ಮೇಲೆ ಸರಿ ಹೋಯಿತು. ನಿಂತ ಮೆಟ್ಟಿಲು ಲೆಕ್ಕಕ್ಕಿಲ್ಲ, ಇಳಿದದ್ದು ಮಾತ್ರ ಲೆಕ್ಕ.

ನಾಲ್ಕನೇಕ್ಲಾಸ್_ಅಮ್ಮ

ನಾಲ್ಕು ದಿನ ಆಯಿತು, ಬಂದು ಹೇಳುತ್ತೇನೆ ಅಂದಿದ್ದೆ. 35 ಮತ್ತು 70ನ್ನು ಅತ್ತೆ ಎರಡೇ ಸಂಜೆಯಲ್ಲಿ ಗಟ್ಟಿ ಮಾಡಿಸಿದರು. ಏಳೆಂಟ್ಲ ಈಗ ಬರುತ್ತದೆ, ಬೆರಳಿಲ್ಲದೆ. ಏಳೇಳ್ಲಕ್ಕೆ ಮಾತ್ರ 35ರಿಂದ ಹೋಗಲಾ 70ರಿಂದ ಬರಲಾ ಅಂತ ಯೋಚಿಸುತ್ತಾ ನಿಲ್ಲುತ್ತಾಳೆ. 12ರದ್ದು ಪರವಾಗಿಲ್ಲ, ಆದರೆ ನೂರು ದಾಟಿದ ಮೇಲೆ 106 ಅಂತಲೇ ಹೇಳುತ್ತಾಳೆ, 108 ಅನ್ನಲ್ಲ. ಅದನ್ನು ಇನ್ನೂ ನೋಡಬೇಕು.

ಮೇಷ್ಟ್ರೇ, ಅವಳದ್ದೊಂದು ತಕರಾರು ಇದೆ. ಎಪ್ಪತ್ತರ ಮನೆಯಲ್ಲೂ 70, 77 ಅಂತ ಇಬ್ಬರಿದ್ದಾರೆ, ಅವರನ್ನು ಯಾಕೆ ಹೇಳಲಿಲ್ಲ ಅಂತ.

ನಿವೃತ್ತಮೇಷ್ಟ್ರು

ಮಗು ಹೇಳಿದ್ದು ಸರಿ, ನಾನು 70ಕ್ಕೇ ನಿಲ್ಲಿಸಿಬಿಟ್ಟೆ. ತೊಂಬತ್ತರ ಮನೆಯನ್ನೂ ಹುಡುಕು ಅಂತ ಹೇಳಿ. 106ಕ್ಕೆ ಬಿಡಿ ಸ್ಥಾನ ಕೇಳಿ: 96 ಆದ ಮೇಲೆ ಮತ್ತೆ 6 ಬರುತ್ತದಾ ಅಂತ. ಅವಳು ಹತ್ತು ಮಾತ್ರ ಸೇರಿಸುತ್ತಿದ್ದಾಳೆ, ಎರಡನ್ನು ಬಿಡುತ್ತಿದ್ದಾಳೆ.

ಸುಮ್ನೆಕೇಳ್ದೆ

ಅಬಾಕಸ್ ಬೇಡ ಅಂತ ತೀರ್ಮಾನಿಸಿದೆ. 17ರ ಮಗ್ಗಿಗೂ ಏನಾದರೂ ಇದೆಯಾ?

ಲೆಕ್ಕದ_ಹುಚ್ಚ

ಬಿಡಿ ಅಂಕೆ ಏಳರದ್ದೇ: 17, 34, 51, 68. ಅದೇ 7, 4, 1, 8.

ಕಾಪಿಪುಸ್ತಕ

ಹತ್ತರ ಸ್ಥಾನವನ್ನೂ ಪೂರ್ತಿ ಹೇಳು ಹುಚ್ಚಣ್ಣ, ನಮ್ಮ ಹುಡುಗ ಮತ್ತೆ ಏನೋ ಬರೆದು ಬರುವ ಮುಂಚೆ.